ಐದು ಮಂದಿ ಮನಿಗೆ ಎಷ್ಟ್ ಎಂಬಿಪಿಎಸ್ ಬೇಕು: ನಮ್ಮ ಅಕ್ಕನ ಮನಿ ಲೆಕ್ಕ

ಬಾಗಲಕೋಟಿ ನವನಗರದಾಗ ನಮ್ಮ ಅಕ್ಕನ ಮನಿ. ಕೆಳಗ ಹಾಲು, ಅಡಗಿ ಮನಿ, ಆಯಿ ಖೋಲಿ, ಮ್ಯಾಲ ಎರಡು ಖೋಲಿ. ಐದು ಮಂದಿ ಅದಾರ: ಅಕ್ಕ, ಮಾವ, ಮಾವಾರ ತಾಯಿ ಅಂದ್ರ ಹುಡುಗೂರ ಆಯಿ, ಮನಿಯಿಂದನ ಕೆಲಸ ಮಾಡೋ ಮಗಳು, ಪಿಯುಸಿ ಎರಡನೇ ವರ್ಷದ ಮಗ. ಕೇಬಲ್‌ನವರ ಕಡೆಯಿಂದ 40 ಎಂಬಿಪಿಎಸ್ ಪ್ಲ್ಯಾನ್ ಇತ್ತು. ಎರಡು ತಿಂಗಳಿಂದ ಒಂದ ಕಿರಿಕಿರಿ, ರಾತ್ರಿ ಎಂಟೂವರಿಗೆ ಮಗಳ ಮೀಟಿಂಗ್ ಶುರು ಆತಂದ್ರ ಆಕಿ ಧ್ವನಿ ಕಟ್ ಕಟ್ ಆಗಿ ಹೋಗ್ತಿತ್ತು. ಇನ್ನೊಂದು ಕಂಪನಿಯ ಏಜೆಂಟ್ ಬಂದು "300ರದ್ದು ಹಾಕಸ್ರಿ, ಐದು ಮಂದಿ ಅದೀರಿ, ಕಡಿಮಿದ್ರಾಗ ಹೊಂದೂದಿಲ್ಲ" ಅಂದು ಹೋಗಿದ್ದ. ಈಗ ಕೊಡೋದಕಿಂತ ಡಬಲ್‌ಗೂ ಹೆಚ್ಚಿನ ರೊಕ್ಕ. ಅಕ್ಕ ನನಗ ಫೋನ್ ಹಚ್ಚಿ, ನೀ ಇದ ಕೆಲಸದಾಗ ಅದಿ, ಒಮ್ಮೆ ಬಂದು ನೋಡಿ ಹೇಳು, ಆಮ್ಯಾಲ ರೊಕ್ಕ ಕಟ್ಟತೇವಿ ಅಂದ್ಲು.

ಶನಿವಾರ ಹೋದೆ. ಚಾ ಕುಡಿಯೋದ್ರಾಗ ಅಕ್ಕನ ಮಗ, ನಮ್ಮ ಅಳಿಯ, ಕ್ಯಾಲೆಂಡರ್ ಹಾಳಿ ಹಿಂದ ತಾನ ಒಂದು ಲೆಕ್ಕ ಬರದ್ದು ತಂದು ತೋರಿಸಿದ. ಟೀವಿ 4ಕೆ ಅಂತ 25, ಗೇಮ್‌ಗೆ 25, ಫೋನ್ ಐದು ಅದಾವ ಅಂತ ಒಂದೊಂದಕ್ಕ 10, ಲ್ಯಾಪ್‌ಟಾಪ್ ಎರಡು ತಲಾ 15, ಕ್ಯಾಮೆರಾ ಎರಡು ತಲಾ 5. ಕೂಡಿಸಿದ್ರ 140. "ನೋಡ್ರಿ ಮಾಮಾ, 300 ಇಲ್ಲದಿದ್ರ 150 ಆದ್ರೂ ಬೇಕ" ಅಂದ.

ಹುಡುಗ ಕೂಡಿಸಿದ್ದು ಬರೋಬ್ಬರಿ ಐತಿ, ಆದ್ರ ಕೂಡಿಸಿದ್ದ ತಪ್ಪು. ಅಂವ ಮನ್ಯಾಗಿನ ಸಾಮಾನು ಎಣಿಸ್ಯಾನ, ಯಾವ ಹೊತ್ತಿಗೆ ಯಾವುದು ನಡಿತೈತಿ ಅಂತ ನೋಡಿಲ್ಲ. ಐದು ಫೋನ್ ಅದಾವ ಖರೆ, ಆದ್ರ ರಾತ್ರಿ ಒಂಬತ್ತಕ್ಕ ಮಾವಾರ ಫೋನ್ ಚಾರ್ಜಿಂಗ್‌ಗೆ ಹಚ್ಚಿರ್ತೈತಿ, ಅವರು ಟೀವಿ ಮುಂದ ಕೂತಿರ್ತಾರ. ಗೇಮ್‌ಗೆ 25 ಅಂದದ್ದೂ ಸುಳ್ಳ. ಆನ್‌ಲೈನ್ ಗೇಮ್ ಆಡೂ ಮುಂದ ಹೋಗಿ ಬರೋದು ಬರೇ ಯಾರು ಎಲ್ಲಿ ಅದಾರ, ಯಾವ ಗುಂಡಿ ಒತ್ತಿದ್ರು ಅನ್ನೋ ಸಣ್ಣ ಸಣ್ಣ ಸುದ್ದಿ, ಅದು ಅರ್ಧ ಎಂಬಿಪಿಎಸ್ ಸುದ್ದಾ ದಾಟೂದಿಲ್ಲ, ಚಿತ್ರ ಎಲ್ಲಾ ಅವನ ಕಂಪ್ಯೂಟರ್‌ದಾಗ ತಯಾರಾಗ್ತಾವು. ಗೇಮ್‌ಗೆ ಬೇಕಾಗಿದ್ದು ಪಿಂಗ್, ಅಂದ್ರ ಸುದ್ದಿ ಹೋಗಿ ವಾಪಸ್ ಬರಾಕ ಹಿಡಿಯೋ ಹೊತ್ತು, ಕಡಿಮಿ ಇರೋದು, ಸ್ಪೀಡ್ ಅಲ್ಲ. ಗೇಮ್ ಡೌನ್‌ಲೋಡ್ ಮಾಡೂದು ಬ್ಯಾರೆ ಮಾತು, ಅದಕ್ಕ ಆಮ್ಯಾಲ ಬರ್ತೇನಿ.

ಅದಕ್ಕ ಮೊದಲು ಮನ್ಯಾಗಿನ ಗದ್ದಲದ ಹೊತ್ತು ಯಾವುದು ಅಂತ ಕೇಳಿದೆ. ಎಲ್ಲಾರೂ ಒಂದ ಹೊತ್ತು ಹೇಳಿದ್ರು, ರಾತ್ರಿ ಎಂಟೂವರಿಯಿಂದ ಒಂಬತ್ತೂವರಿ. ಆ ಒಂದು ತಾಸಿನ್ಯಾಗ ಯಾರ್‍ಯಾರು ಏನೇನು ಮಾಡ್ತಾರ ಅಂತ ಒಬ್ಬೊಬ್ಬರನ್ನ ಕೇಳಿ ಬರಕೊಂಡೆ.

ಮಾವಾರು ಟೀವಿ ಮ್ಯಾಲ ಮ್ಯಾಚ್, ಇಲ್ಲಾಂದ್ರ ಪಿಕ್ಚರ್. ಟೀವಿ 4ಕೆ ಅದ ಖರೆ, ಆದ್ರ ಅವರು ನೋಡೋ ಆ್ಯಪ್‌ನ ಪ್ಯಾಕ್ ಎಚ್‌ಡಿದು, ಅಂದ್ರ ಟೀವಿ ಎಷ್ಟ ದೊಡ್ಡದಿದ್ರೂ ಬರೋ ಚಿತ್ರ 1080p ದಾಟೂದಿಲ್ಲ. ನೆಟ್‌ಫ್ಲಿಕ್ಸ್‌ನವರು 1080pಗೆ 5 ಎಂಬಿಪಿಎಸ್, 4ಕೆಗೆ 15 ಸಾಕು ಅಂತಾರ, ಯೂಟ್ಯೂಬ್‌ನವರು 1080pಗೆ 5, 4ಕೆಗೆ 20 ಅಂತಾರ. ಕ್ರಿಕೆಟ್‌ದಾಗ ಚಿತ್ರ ಒಂದ ಸಮ ಓಡತಿರ್ತೈತಿ, ಲೈವ್ ಇದ್ದಾಗ ಮುಂದಿಂದು ಜಾಸ್ತಿ ತುಂಬಿಟ್ಟುಕೊಳ್ಳಾಕೂ ಆಗೂದಿಲ್ಲ, ಅದಕ್ಕ ನಾ 8 ಹಿಡದೆ. ಅಕ್ಕ ಅಡಗಿ ಮಾಡಕೋತ ಫೋನ್‌ನ್ಯಾಗ ಯೂಟ್ಯೂಬ್ ಹಚ್ಚಿರ್ತಾಳ, ಸಣ್ಣ ಪರದೆ, 720pಗೆ ಎರಡೂವರಿ ಸಾಕು, 3 ಅಂತ ಬರದೆ. ಆಯಿ ಪುಣೆದಾಗಿರೋ ಸಣ್ಣ ಮಗನ ಕೂಡ ವಾಟ್ಸಾಪ್ ವಿಡಿಯೋ ಕಾಲ್, 1. ಮಗ ಕೋಚಿಂಗ್‌ನವರ ರೆಕಾರ್ಡ್ ಮಾಡಿದ ಪಾಠ ನೋಡ್ತಾನ, ನೋಡ್ತೇನಿ ಅಂತ ಹೇಳ್ತಾನ, ಅದು ಮತ್ತ 3. ಮಗಳ ಮೀಟಿಂಗ್, ಎಂಟು ಹತ್ತು ಮಂದಿ ಇರೋ ಗ್ರೂಪ್ ಕಾಲ್. ಝೂಮ್‌ನವರ ಅಂಕಿ ಪ್ರಕಾರ 720p ಗ್ರೂಪ್ ಕಾಲ್‌ಗೆ ಬರೋದು 1.8, ಹೋಗೋದು 2.6. ಎರಡೂ ಕಡೆ 3 ಹಿಡದೆ.

ಕೂಡಿಸಿದ್ರ 8, 3, 1, 3, 3, ಒಟ್ಟು 18. ಫೋನ್‌ಗಳು ಹಿಂದಿನಿಂದ ಸುಮ್ನ ಮೆಸೇಜು ಫೋಟೋ ತರಸ್ಕೋತಾವಲ್ಲ, ಅದಕ್ಕ 2. ಆತು 20. ಮ್ಯಾಲ ಕಾಲುಭಾಗ ಸಡಿಲ ಬಿಟ್ರ 25.

ಪ್ಲ್ಯಾನ್ 40ರದ್ದು. ಬೇಕಾಗಿದ್ದು 25. ಹಂಗಾದ್ರ ಕಾಲ್ ಯಾಕ ಕಟ್ ಆಗ್ತೈತಿ?

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ, ಮುಚ್ಚಿಡೂದಿಲ್ಲ. ರೌಟರ್ ಹಾಲ್‌ನ್ಯಾಗ ಟೀವಿ ಶೋಕೇಸ್ ಒಳಗ, ಹಿತ್ತಾಳಿ ಸಾಮಾನಿನ ಹಿಂದ ಕೂತಿತ್ತು. ಮಗಳ ಖೋಲಿ ಮ್ಯಾಲ, ನಡುವ ಆರ್‌ಸಿಸಿ ಸ್ಲ್ಯಾಬು. ಆಹಾ ಸಿಕ್ತು ಅಂದ್ಕೊಂಡು ರೌಟರ್ ತಗದು ಮೆಟ್ಟಲ ಕಡೆ ಎತ್ತರಕ್ಕ ಹಚ್ಚಿದೆ. ಮ್ಯಾಲಿನ ಖೋಲ್ಯಾಗ ಸ್ಪೀಡ್ ಟೆಸ್ಟ್ 12 ಇದ್ದದ್ದು 34 ಆತು, ಎಲ್ಲಾರೂ ಖುಷಿ. ರಾತ್ರಿ ಮೀಟಿಂಗ್ ಶುರು ಆತು, ಹತ್ತು ನಿಮಿಷಕ್ಕ ಮಗಳು ಮ್ಯಾಲಿಂದ ಕೂಗಿದ್ಲು, "ಮಾಮಾ, ಮತ್ತ ಹಂಗ ಆಗಾಕತ್ತೈತಿ." ಅವರು ಮಾತಾಡೋದು ಆಕಿಗೆ ಸ್ವಚ್ಛ ಕೇಳ್ತೈತಿ, ಆಕಿ ಮಾತಾಡೋದು ಅವರಿಗೆ ಕಟ್ ಆಗಿ ಹೋಗ್ತೈತಿ. ಈ ಮಾತು ಅಕ್ಕ ಫೋನ್‌ನ್ಯಾಗ ಮೊದಲನ ಹೇಳಿದ್ಲು, ಆಕಿ ಧ್ವನಿ ಕಟ್ ಆಗ್ತೈತಿ ಅಂತ, ನಾನ ಲಕ್ಷ ಕೊಟ್ಟಿರಲಿಲ್ಲ. ಬರೋದು ಚಲೋ, ಹೋಗೋದು ಕೆಟ್ಟ, ಅಂದ್ರ ಅಪ್‌ಲೋಡ್ ನೋಡ್ಬೇಕು.

ಲ್ಯಾಪ್‌ಟಾಪ್ ಕೆಳಗ ತಂದು ರೌಟರ್‌ಗೆ ವೈರ್‌ಲೆ ಹಚ್ಚಿ, ಉಳಿದದ್ದೆಲ್ಲಾ ಬಂದ್ ಮಾಡಿಸಿ ಟೆಸ್ಟ್ ಮಾಡಿದೆ. ಡೌನ್‌ಲೋಡ್ 38, ಅಪ್‌ಲೋಡ್ 5.2. ಕೇಬಲ್‌ನವರ ಹಾಳ್ಯಾಗ ದೊಡ್ಡ ಅಕ್ಷರದಾಗ 40 ಅಂತಿತ್ತು, ಅದು ಬರೋ ಕಡೆದು ಅಷ್ಟ. ಕೇಬಲ್ ಮೋಡೆಮ್ ಲೈನ್‌ದಾಗ ಹೋಗೋ ದಾರಿ ಮೊದಲಿಂದನೂ ಸಣ್ಣ ಇರ್ತೈತಿ, ಫೈಬರ್ ಪ್ಲ್ಯಾನ್‌ದಾಗ ಎರಡೂ ಕಡೆ ಒಂದ ಸ್ಪೀಡ್ ಕೊಡೋದು ಸಾಮಾನ್ಯ, ಆದ್ರ ಅದನ್ನೂ ಕೇಳೇ ತಗೋಬೇಕು.

ಈಗ ಹೋಗೋ ಕಡೆ ಲೆಕ್ಕ ಬ್ಯಾರೆ ಹಾಳ್ಯಾಗ. ಮಗಳ ಮೀಟಿಂಗ್ 3, ಆಯಿ ಕಾಲ್ 1. ಟೀವಿ ಮತ್ತು ಪಾಠದ್ದು ಬರೋದಷ್ಟ, ಆದ್ರ ಬಂದದ್ದಕ್ಕ "ಮುಟ್ಟಿತು" ಅಂತ ವಾಪಸ್ ಪೋಚ್ ಹೋಗ್ತಿರ್ತೈತಿ, 20 ಬರಾಕತ್ತಿದ್ರ ಅದಕ್ಕ ಸುಮಾರು ಅರ್ಧ ಎಂಬಿಪಿಎಸ್. ಇಲ್ಲಿಗೆ ನಾಕೂವರಿ, 5.2ರಾಗ ಕೂಡ್ತೈತಿ. ಉಳಿದದ್ದು ಕ್ಯಾಮೆರಾ. ಹೋದ ವರ್ಷ ಓಣ್ಯಾಗ ಕಳುವಾಗಿತ್ತು ಅಂತ ಮಾವಾರು ಗೇಟಿಗೊಂದು ಹಿತ್ತಲಕ್ಕೊಂದು ಕ್ಯಾಮೆರಾ ಹಾಕ್ಸಿದ್ರು, ಎರಡೂ ಹಗಲು ರಾತ್ರಿ ಕ್ಲೌಡ್‌ಗೆ ಕಳಸ್ತಾವು. ಕ್ಯಾಮೆರಾದ ಸೆಟ್ಟಿಂಗ್ ತಗದು ನೋಡಿದ್ರ ಎರಡರಾಗೂ ಇದ ಸಾಲು:

```
Encode: H.264   Bitrate: 1536 Kbps
```

ಅಂದ್ರ ಒಂದಕ್ಕ ಒಂದೂವರಿ, ಎರಡಕ್ಕ 3.1. ಕೂಡಿಸಿದ್ರ ಒಟ್ಟು 7.6. ದಾರಿ ಇರೋದು 5.2. ಸಿಕ್ತು.

ಈ ಕ್ಯಾಮೆರಾ ಯಾರ ಲೆಕ್ಕದಾಗೂ ಬರೂದಿಲ್ಲ ನೋಡ್ರಿ, ಯಾಕಂದ್ರ ಅದನ್ನ ಯಾರೂ "ಬಳಸೂದಿಲ್ಲ", ಗ್ವಾಡಿಗೆ ಸುಮ್ನ ಕೂತಿರ್ತೈತಿ. ಆದ್ರ ಸೆಕೆಂಡ್‌ಗೆ 3.07 ಮೆಗಾಬಿಟ್ ಅಂದ್ರ, ಎಂಟು ಬಿಟ್‌ಗೆ ಒಂದು ಬೈಟ್ ಅಂತ ಎಂಟರಿಂದ ಭಾಗಿಸಿದ್ರ 0.384 ಮೆಗಾಬೈಟ್, ದಿನಕ್ಕ 86,400 ಸೆಕೆಂಡ್, ಆತು ದಿನಕ್ಕ 33 ಜಿಬಿ, ತಿಂಗಳಿಗೆ ಹತ್ರ ಹತ್ರ ಒಂದು ಟಿಬಿ. ಅಪ್‌ಲೋಡ್ ಸೇರಿಸಿ ಎಣಿಸೋ ಪ್ಲ್ಯಾನ್ ಇದ್ದು, ಲಿಮಿಟ್ 3300 ಜಿಬಿ ಇದ್ರ, ಮೂರರಾಗ ಒಂದು ಪಾಲು ಖಾಲಿ ಗೇಟ್ ನೋಡೋದಕ್ಕ ಹೋತು. ಮಾವಾರಿಗೆ ಇದನ್ನ ಹೇಳಿದ್ರ ನಂಬಲಿಲ್ಲ, ಮತ್ತೊಮ್ಮೆ ಫೋನ್‌ನ್ಯಾಗ ಗುಣಿಸಿ ನೋಡಿದ್ರು.

ಲೆಕ್ಕ ಹೇಳೋದು ಒಂದು, ಕಣ್ಣಿಗೆ ತೋರ್ಸೋದು ಇನ್ನೊಂದು. ಮರುದಿನ ರಾತ್ರಿ ಎಲ್ಲಾ ನಡದಾಗ ಕಂಪ್ಯೂಟರ್‌ದಾಗ ಗೂಗಲ್‌ನವರ ಸರ್ವರ್‌ಗೆ ಅರವತ್ತು ಸಲ ಪಿಂಗ್ ಕಳಸೋ ಇದನ್ನ ಹಚ್ಚಿದೆ:

```
ping -n 60 8.8.8.8
```

ಯಾರೂ ಏನೂ ಬಳಸದ ಮಧ್ಯಾಹ್ನ ಇದು 14, 15 ಮಿಲಿಸೆಕೆಂಡ್ ತೋರಿಸಿತ್ತು. ರಾತ್ರಿ ಕಾಲ್ ನಡದಾಗ 300, 480, 600, ನಡುನಡುವ ನಾಕು ಸಲ `Request timed out.` ಅಳಿಯನಿಗೆ ಹೇಳಿ ಎರಡೂ ಕ್ಯಾಮೆರಾ ಪ್ಲಗ್ ಕಿತ್ತಿಸಿದೆ. ಅರ್ಧ ನಿಮಿಷದಾಗ 30ಕ್ಕ ಇಳೀತು, ಮ್ಯಾಲಿಂದ ಮಗಳು "ಈಗ ಕೇಳ್ತೈತಂತ" ಅಂದ್ಲು.

ಈ 480 ಎಲ್ಲಿಂದ ಬಂತು ಅಂದ್ರ, ಮೋಡೆಮ್ ಹೊಟ್ಟ್ಯಾಗ ಒಂದು ಸರತಿ ಇರ್ತೈತಿ, ಹೋಗೋ ದಾರಿ ಸಾಲದಿದ್ರ ಪ್ಯಾಕೆಟ್ ಅಲ್ಲೆ ಪಾಳಿ ಹಚ್ಚಿ ನಿಂದಿರ್ತಾವು. ಪಾಳ್ಯಾಗ 300 ಕೆಬಿ ನಿಂತಿದ್ರ ಅದು 2.4 ಮೆಗಾಬಿಟ್, 5ರ ದಾರ್ಯಾಗ ಖಾಲಿ ಆಗಾಕ ಅರ್ಧ ಸೆಕೆಂಡ್ ಬೇಕು. ಮಗಳ ಧ್ವನಿ ಪ್ಯಾಕೆಟ್ ಎಷ್ಟ ಸಣ್ಣದಿದ್ರೂ ಅದರ ಹಿಂದನ ನಿಂದರಬೇಕು. ಪಾಳಿ ಪೂರಾ ತುಂಬಿದ ಮ್ಯಾಲ ಬಂದದ್ದನ್ನ ಮೋಡೆಮ್ ಚೆಲ್ಲಿಬಿಡ್ತೈತಿ, ಟೈಮ್‌ಡ್ ಔಟ್ ಅಂದ್ರ ಅದು.

ಇಷ್ಟಕ್ಕ ಕೆಲಸ ಮುಗೀತು ಅಂದ್ಕೊಂಡು ಕ್ಯಾಮೆರಾ ಎರಡನ್ನೂ ವಿಡಿಯೋನ ಇನ್ನೂ ಸಣ್ಣ ಮಾಡಿ ಕಳಸೋ H.265ಗೆ ತಿರುವಿ, ಬಿಟ್‌ರೇಟ್ 1024ಕ್ಕ ಇಳಿಸಿ, ಪೂರಾ ರೆಕಾರ್ಡಿಂಗ್ ಒಳಗಿನ ಮೆಮೊರಿ ಕಾರ್ಡ್‌ಗೆ, ಯಾರರ ಅಡ್ಡಾಡಿದ್ರ ಅಷ್ಟ ಕ್ಲೌಡ್‌ಗೆ ಅಂತ ಮಾಡಿ ನಮ್ಮ ಊರಿಗೆ ವಾಪಸ್ ಹೋದೆ. ಸೋಮವಾರ ರಾತ್ರಿ ಮತ್ತ ಫೋನ್. ಮತ್ತ ಕಟ್ ಆಗಾಕತ್ತೈತಿ ಅಂತ, ಮೊದಲಿನಕಿಂತ ಜೋರು. ಕ್ಯಾಮೆರಾ ಕಿತ್ತಿದ್ರೂ ಹಂಗ ಅಂತ.

ಏನು ಹೊಸದು ಆತು ಅಂತ ಒಂದೊಂದ ಕೇಳಕೋತ ಹೋದೆ. ಅಕ್ಕ ಹಿಂದಿನ ದಿನ ಇಳಕಲ್‌ದಾಗ ಲಗ್ನಕ್ಕ ಹೋಗಿದ್ಲು, ಒಂಬೈನೂರು ಫೋಟೋ ಹೊಡಕೊಂಡು ಬಂದಿದ್ಲು. ಫೋನ್ ಚಾರ್ಜಿಂಗ್‌ಗೆ ಹಚ್ಚಿ ವೈಫೈ ಸಿಕ್ಕ ಕೂಡ್ಲೆ ಫೋಟೋ ಬ್ಯಾಕಪ್ ತಾನ ಶುರು ಆಗಿತ್ತು. ಒಂದು ಫೋಟೋ 4 ಎಂಬಿ ಅಂತ ಹಿಡದ್ರೂ 3.6 ಜಿಬಿ, 5.2ರ ದಾರಿ ಪೂರಾ ಅದಕ್ಕ ಬಿಟ್ಟಕೊಟ್ರೂ ಒಂದೂವರಿ ತಾಸು.

ಇಡೀ ಲೆಕ್ಕದಾಗ ಮಂದಿ ಎಡವೋದು ಇಲ್ಲೆ, ನಮ್ಮ ಅಳಿಯಾನೂ ಎಡವಿದ್ದ, ಅದಕ್ಕ ಇದನ್ನ ಸ್ವಲ್ಪ ಉದ್ದ ಹೇಳ್ತೇನಿ. ವಿಡಿಯೋ ಕಾಲ್‌ಗೆ, ಟೀವಿಗೆ ಒಂದು ಅಳತಿ ಐತಿ. ನೀವು 300ರ ಲೈನ್ ಕೊಟ್ರೂ ಮಗಳ ಮೀಟಿಂಗ್ 3 ಅಷ್ಟ ತಗೋತೈತಿ. ಡೌನ್‌ಲೋಡ್, ಬ್ಯಾಕಪ್ ಹಂಗಲ್ಲ, ಅದಕ್ಕ ಸ್ಪೀಡ್ ಅನ್ನೋದ ಇಲ್ಲ, ಗಾತ್ರ ಐತಿ ಅಷ್ಟ. 5 ಕೊಟ್ರ 5 ನುಂಗ್ತೈತಿ, 300 ಕೊಟ್ರ ಆ ಕಡೆ ಸರ್ವರ್ ಕೊಡೋವಷ್ಟೂ ನುಂಗ್ತೈತಿ. ಅದಕ್ಕ "ಡೌನ್‌ಲೋಡ್‌ಗೆ ಎಷ್ಟು ಎಂಬಿಪಿಎಸ್ ಕೂಡಿಸ್ಲಿ" ಅನ್ನೋ ಪ್ರಶ್ನೆಗೆ ಉತ್ತರಾನ ಇಲ್ಲ. ಎಷ್ಟು ಜಿಬಿ, ಎಷ್ಟು ಹೊತ್ತಿನ್ಯಾಗ ಮುಗೀಬೇಕು, ಯಾವ ಹೊತ್ತಿನ್ಯಾಗ, ಈ ಮೂರು ಕೇಳಬೇಕು.

ಅಳಿಯಂದು ತಿಂಗಳಿಗೊಂದು ದೊಡ್ಡ ಗೇಮ್, 60 ಜಿಬಿ ಅಂತ ಹಿಡೀರಿ. ಎಂಟರಿಂದ ಗುಣಿಸಿ ಮೆಗಾಬಿಟ್ ಮಾಡಿದ್ರ 4,80,000. 40ರ ಲೈನ್ ಪೂರಾ ಸಿಕ್ರ 12,000 ಸೆಕೆಂಡ್, ಮೂರು ತಾಸು ಇಪ್ಪತ್ತು ನಿಮಿಷ. 300ರ ಲೈನ್‌ದಾಗ ಸರ್ವರ್ ಮತ್ತು ವೈಫೈ ಎರಡೂ ಪೂರಾ ಸಾಥ್ ಕೊಟ್ರ 27 ನಿಮಿಷ. ಅಂದ್ರ ತಿಂಗಳಿಗೊಮ್ಮೆ ಮೂರು ತಾಸು ಕಾಯೋದು ತಪ್ಪಸಾಕ ಮಾವಾರು ಪ್ರತಿ ತಿಂಗಳು ಡಬಲ್ ರೊಕ್ಕ ಕಟ್ಟಬೇಕು. ಅದ ಗೇಮನ್ನ ಡೌನ್‌ಲೋಡ್ ಸೆಟ್ಟಿಂಗ್‌ದಾಗ 20ಕ್ಕ ಕಟ್ಟಿ ಹಾಕಿ ರಾತ್ರಿ ಹನ್ನೊಂದಕ್ಕ ಹಚ್ಚಿ ಮಲಗಿದ್ರ ಆರು ತಾಸು ನಲವತ್ತು ನಿಮಿಷ, ಮುಂಜಾನಿ ಆಯಿ ಎದ್ದು ಅಂಗಳ ಕಸ ಹೊಡಿಯೋ ಹೊತ್ತಿಗೆ ಮುಗದಿರ್ತೈತಿ. ಹಿಂಗ ಹಚ್ಚಿದ್ರ ಗದ್ದಲದ ಹೊತ್ತಿನ ಲೆಕ್ಕದಾಗ ಅದು ಸೊನ್ನೆ.

ಇನ್ನೊಂದು ಗೊಂದಲ ಅಳಿಯ ರೌಟರ್ ಪೇಜ್‌ದಾಗ ನೋಡಿ ತಂದ. "ಮಾಮಾ, ಟೀವಿಗೆ 8 ಅಂದ್ರಿ, ಇಲ್ಲೆ 35 ತೋರಸ್ತೈತಿ" ಅಂದ. ಗ್ರಾಫ್ ನೋಡಿದ್ರ ಒಂದು ಗೂಟ ಮ್ಯಾಲ ಏಳ್ತೈತಿ, ಆಮ್ಯಾಲ ನಾಕೈದು ಸೆಕೆಂಡ್ ಸೊನ್ನೆ, ಮತ್ತ ಗೂಟ. ಟೀವಿ ವಿಡಿಯೋ ನಳದ ಧಾರಿ ಹಂಗ ಬರೂದಿಲ್ಲ, ನಾಕಾರು ಸೆಕೆಂಡಿನ ತುಂಡು ತುಂಡು ಮಾಡಿರ್ತಾರ, ಒಂದು ತುಂಡು ಲೈನ್ ಎಷ್ಟ ಕೊಡ್ತೈತೋ ಅಷ್ಟ ಜೋರು ತರಸ್ಕೊಂಡು ಸುಮ್ನಾಗ್ತೈತಿ, ಕೊಡ ತುಂಬ್ಕೊಂಡು ಬಂದು ಹಂಡೆದಾಗ ಸುರುವಿ ಮತ್ತ ಕೊಡ ತಗೊಂಡು ಹೋದಂಗ. ಒಂದು ನಿಮಿಷದ ಸರಾಸರಿ ತಗದಾಗ 6.7 ಬಂತು. ಗೂಟದ ತುದಿ ಎಣಿಸಿದ್ರ ಪ್ರತಿ ಮನಿಗೂ ಸಾವಿರ ಎಂಬಿಪಿಎಸ್ ಬೇಕಂತ ಆಗ್ತೈತಿ.

ಇನ್ನ ಪ್ಲ್ಯಾನ್ ಮಾತು. ಫೋಟೋ ಬ್ಯಾಕಪ್‌ನ ಆ ಹೊತ್ತಿಗೆ ಕೈಯಾರೆ ನಿಲ್ಲಿಸಿಡು ಅಂತ ಅಕ್ಕಗ ಹೇಳಿದ್ದು ಮೂರು ದಿನ ನಡೀತು, ನಾಕನೇ ದಿನ ಮರತ್ಲು, ಮರೀತಾಳ ಅಂತ ನನಗೂ ಗೊತ್ತಿತ್ತು. ರೌಟರ್‌ದಾಗ ಒಂದೊಂದು ಸಾಮಾನಿಗೆ ಮಿತಿ ಹಾಕೋ ಜಾಗ ಇತ್ತು, ಅಕ್ಕನ ಫೋನ್ ಅಪ್‌ಲೋಡ್ ಅರ್ಧ ಎಂಬಿಪಿಎಸ್‌ಗೆ ಕಟ್ಟಿದೆ, ಆದ್ರ 3.6 ಜಿಬಿ ಹೋಗಾಕ ಹದಿನಾರು ತಾಸು ಬೇಕಾತು. ಅದೂ ಹೋಗ್ಲಿ, ಬರೇ ಕಾಯಂ ಇರೋದನ್ನ ಕೂಡಿಸಿದ್ರೂ ಮೀಟಿಂಗ್ 3, ಆಯಿ 1, ಪೋಚ್ ಅರ್ಧ, ಕ್ಯಾಮೆರಾ 2, ಆರೂವರಿ ಆತು. ಅಡ್ಡಾಡಿದಾಗ ಅಷ್ಟ ಕಳಸೋ ಕ್ಯಾಮೆರಾಕ್ಕ ಯಾಕ ಪೂರಾ 2 ಹಿಡದ್ರಿ ಅಂದ್ರ, ಅವರ ಗೇಟಿನ ಮುಂದ ರಾತ್ರಿ ಒಂಬತ್ತಕ್ಕ ಗಾಡಿ, ನಾಯಿ, ಊಟ ಆಗಿ ಅಡ್ಡಾಡೋ ಮಂದಿ, ಕ್ಯಾಮೆರಾ ಕಣ್ಣು ಮುಚ್ಚೂದ ಇಲ್ಲ. 5.2 ಸಾಲೂದಿಲ್ಲ ಅನ್ನೋದು ಖರೆನ ಆತು. ಆದ್ರ ಸಾಲದ್ದು ಹೋಗೋ ಕಡೆ, ಏಜೆಂಟ್ ಮಾರಾಕ ಬಂದಿದ್ದು ಬರೋ ಕಡೆ.

ಮಾವಾರು ಅದ ಏಜೆಂಟ್‌ಗೆ ಫೋನ್ ಹಚ್ಚಿ ನಾ ಬರಕೊಟ್ಟ ಪ್ರಶ್ನೆ ಕೇಳಿದ್ರು: ನಿಮ್ಮ ಕಡೆ ಎಲ್ಲಾದಕ್ಕಿಂತ ಸಣ್ಣ ಫೈಬರ್ ಪ್ಲ್ಯಾನ್ ಎಷ್ಟರದು, ಅದರಾಗ ಅಪ್‌ಲೋಡ್ ಎಷ್ಟು. ಅಂವ ಸ್ವಲ್ಪ ಹೊತ್ತು 300, 300 ಅಂತ ಹಾಡಿ, ಕಡೀಕ 50ರದ್ದು ಐತಿ, ಎರಡೂ ಕಡೆ 50 ಅಂದ. ನಮಗ ಬೇಕಾಗಿದ್ದು ಬರಾಕ 25, ಹೋಗಾಕ ಸಡಿಲ ಸೇರಿಸಿ 10ರ ಒಳಗ. ಅದನ್ನ ಹಾಕ್ಸಿದ್ರು, ಮೊದಲಿನಕಿಂತ ತಿಂಗಳಿಗೆ ನೂರು ರೂಪಾಯಿ ಚಿಲ್ಲರ ಹೆಚ್ಚು. ಹಾಕಿದ ದಿನ ಮಧ್ಯಾಹ್ನ ಕಂಪನಿ ಹುಡುಗ ಟೆಸ್ಟ್ ಮಾಡಿ ತೋರಿಸಿ ಸಹಿ ಕೇಳಿದ, ನಾ ರಾತ್ರಿ ಒಂಬತ್ತಕ್ಕ ಇನ್ನೊಮ್ಮೆ ವೈರ್ ಹಚ್ಚಿ ನೋಡ್ರಿ ಅಂತ ಹೇಳಿಟ್ಟಿದ್ದೆ, ಯಾಕಂದ್ರ ಒಂದ ಫೈಬರ್ ಎಳಿ ಓಣ್ಯಾಗ 32, 64 ಮನಿಗೆ ಹಂಚಿರ್ತಾರ, ಮಧ್ಯಾಹ್ನ ಎರಡಕ್ಕ ಎಲ್ಲಾರಿಗೂ ಚಲೋ ಬರ್ತೈತಿ. ರಾತ್ರಿ 47 ಬಂತು, ಹೋಗೋದು 48. ಅಕ್ಕನ ಲಗ್ನದ ಫೋಟೋ ಅಷ್ಟೂ ಈಗ ಹತ್ತು ನಿಮಿಷದ ಕೆಲಸ, ಅದು ನಡದಾಗ ಪಿಂಗ್ 60ರ ತನಕ ಏರಿ ಇಳೀತೈತಿ, ಮಗಳಿಗೆ ಗೊತ್ತ ಆಗೂದಿಲ್ಲ.

ದೀಪಾವಳಿಗೆ ಪುಣೆ ಕಾಕಾ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರೋರಿದ್ರು, ನಾಕು ಮಂದಿ. ಅಳಿಯ ಈ ಸಲ ನನಗ ಫೋನ್ ಹಚ್ಚಲಿಲ್ಲ, ಅದ ಕ್ಯಾಲೆಂಡರ್ ಹಾಳ್ಯಾಗ ಹಳೇ 140 ಹೊಡದು ಹಾಕಿ ಕೆಳಗ ಬರದು ಫೋಟೋ ಕಳಿಸಿದ: ಬರೋದು 20, ನೆಂಟರ ಫೋನ್ ನಾಕಕ್ಕ 12, ಒಟ್ಟು 32. ಹೋಗೋದು ಆರೂವರಿ, ಅದರಾಗ ಆಯಿ ಕಾಲ್ 1 ಕಳದಿದ್ದ, ಕಾಕಾ ಇಲ್ಲೆ ಬಂದಿರ್ತಾನಲ್ಲ ಅಂತ.